ತಲೆ ಜಿಗಿಯೋದು ನಿಂತಿದ್ದು ಹೀಗೆ

ಬೆಟಗೇರಿಯ ನೇಕಾರ ಅಜ್ಜನವರ 12 ನಿಮಿಷದ ಮಾತಿನ ವಿಡಿಯೊವನ್ನು ಕತ್ತರಿಸಿ 3 ನಿಮಿಷಕ್ಕೆ ಇಳಿಸಿದ್ದೆ. ಪ್ರತಿ ಕಟ್‌ಗೂ ಅವರ ತಲೆ ಟಕ್ಕನೆ ಜಿಗಿಯುತ್ತಿತ್ತು. ಆ ಜಿಗಿತವನ್ನು ಮುಚ್ಚಲು ನನ್ನ ಹತ್ತಿರ ಇದ್ದದ್ದು ಮಗ್ಗದ ಒಂದೇ ವೈಡ್ ಶಾಟ್.

ಮರುದಿನ ಮತ್ತೆ ಹೋದೆ. ಮೊದಲು ಇಡೀ ಕೋಣೆ, ಆಮೇಲೆ ಸೊಂಟದಿಂದ ಮೇಲೆ ಅಜ್ಜ, ಕೊನೆಗೆ ಲಾಳಿ ಎಸೆಯುವ ಕೈ. ಪ್ರತಿ ಶಾಟ್ 10 ಸೆಕೆಂಡು, ಕ್ಯಾಮೆರಾ ಅಲುಗಾಡಿಸದೆ. ಒಂದೇ ಜಾಗದಲ್ಲಿ ನಿಂತು ಸುಮ್ನೆ ಜೂಮ್ ಮಾಡಿದರೆ ಮತ್ತೆ ಜಿಗಿತವೇ ಕಾಣುತ್ತದೆ, ಅದಕ್ಕೆ ಪ್ರತಿ ಸಲ ಪಕ್ಕಕ್ಕೆ ಸುಮಾರು 30 ಡಿಗ್ರಿ ಸರಿದೆ.

ಎಡಿಟಿಂಗ್‌ನಲ್ಲಿ ಮಾತು ಹಾಗೇ ಓಡಿತು. ಕಟ್ ಬರುವ ಅರ್ಧ ಸೆಕೆಂಡು ಮೊದಲೇ ಅದರ ಮೇಲೆ ಈ ಹೊಸ ಶಾಟ್ ಇಟ್ಟೆ. ವೈಡ್ 4 ಸೆಕೆಂಡು, ಕ್ಲೋಸ್‌ಗೆ 2 ಸಾಕು. ಮಗ್ಗದ ಸದ್ದನ್ನು ಮೆಲ್ಲಗೆ ಉಳಿಸಿಕೊಂಡೆ, ಅದು ನನಗೆ ತುಂಬಾ ಇಷ್ಟ. ಆದರೆ ಸತ್ತ ಹೆಂಡತಿಯನ್ನು ಅಜ್ಜ ನೆನೆಯುವಾಗ ಏನನ್ನೂ ಮುಚ್ಚಲಿಲ್ಲ. ಅಲ್ಲಿ ಅವರ ಮುಖವೇ ಬೇಕು, ಅಲ್ವಾ?