ಆಯತದ ಕರ್ಣವನ್ನು ಮಡಚಿ ನೋಡಿದ ಪಾಠ

ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದ ಎಲ್.ಪಿ. ಶಾಲೆಯೊಂದರಲ್ಲಿ ನಾನು ಮೂರನೇ ತರಗತಿಗೆ ಗಣಿತ ಕಲಿಸುತ್ತೇನೆ. ಮೊದಲ ಕೆಲವು ವರ್ಷ ಸಮಮಿತಿಯ ಪಾಠವನ್ನು ಕರಿಹಲಗೆಯ ಮೇಲೆಯೇ ಮುಗಿಸುತ್ತಿದ್ದೆ. ಆಕೃತಿಯನ್ನು ಎರಡು ಸಮಭಾಗ ಮಾಡುವ ಗೆರೆಯೇ ಸಮಮಿತಿ ರೇಖೆ ಎಂದು ಹೇಳುತ್ತಿದ್ದೆ, ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಿದ್ದರು. ಪರೀಕ್ಷೆಯಲ್ಲಿ ಆಯತದ ಚಿತ್ರ ಕೊಟ್ಟರೆ ಹೆಚ್ಚಿನವರು ನಾಲ್ಕು ರೇಖೆಗಳನ್ನು ಎಳೆಯುತ್ತಿದ್ದರು: ನಡುವೆ ಅಡ್ಡ ಒಂದು, ಉದ್ದ ಒಂದು, ಮೂಲೆಯಿಂದ ಮೂಲೆಗೆ ಎರಡು. ಕರ್ಣವೂ ಆಯತವನ್ನು ಎರಡು ಸಮಭಾಗ ಮಾಡುತ್ತದೆಯಲ್ಲವೇ? ನಾನು ಹೇಳಿಕೊಟ್ಟಂತೆ ನೋಡಿದರೆ ಅವರ ಉತ್ತರ ಸರಿಯೇ ಆಗಿತ್ತು. ತಪ್ಪಿದ್ದುದು ನನ್ನ ವಾಕ್ಯದಲ್ಲಿ. ಇದನ್ನು ಸರಿಪಡಿಸಲು ನಾನು ಕಾಗದ ಮಡಚುವ ಕೆಲಸಕ್ಕೆ ಕೈಹಾಕಿದೆ.

ಕಾಗದದ ಆಯ್ಕೆಯಲ್ಲೇ ಎರಡು ಸಲ ಎಡವಿದೆ. ನೋಟುಪುಸ್ತಕದಿಂದ ಹರಿದ ಹಾಳೆಯ ಒಂದು ಅಂಚು ಯಾವಾಗಲೂ ಅಂಕುಡೊಂಕಾಗಿರುತ್ತದೆ, ಆದ್ದರಿಂದ ಅದು ಆಯತವೇ ಅಲ್ಲ. ಚಾರ್ಟ್ ಕಾಗದ ಎಂಟು ವರ್ಷದ ಬೆರಳುಗಳಿಗೆ ದಪ್ಪವಾಯಿತು, ಮಡಿಕೆಯ ಬಳಿ ಉಬ್ಬಿಕೊಂಡು ಅಂಚುಗಳನ್ನು ಸರಿಸಿಬಿಡುತ್ತಿತ್ತು. ಕೊನೆಗೆ ಒಂದೇ ಬದಿಯಲ್ಲಿ ಮುದ್ರಣವಾದ ಹಳೆಯ ಎ4 ಹಾಳೆಗಳಿಗೆ ಬಂದು ನಿಂತೆ. ಒಂದು ಬದಿ ಬರಹ, ಇನ್ನೊಂದು ಬದಿ ಬಿಳಿ ಎಂಬುದು ಮುಂದೆ ಬಹಳ ಉಪಯೋಗಕ್ಕೆ ಬಂತು. ನಮ್ಮ ಊರಿನ ಮಳೆಗಾಲದಲ್ಲಿ ಕಾಗದ ತೇವ ಹೀರಿ ಮೆತ್ತಗಾಗುವುದರಿಂದ ಈ ಪಾಠವನ್ನು ಈಗ ಮಳೆ ಕಳೆದ ಮೇಲೆಯೇ ಮಾಡುತ್ತೇನೆ.

ಮೊದಲು ಹಾಳೆಯನ್ನು ಅಡ್ಡಕ್ಕೆ ಒಮ್ಮೆ, ಉದ್ದಕ್ಕೆ ಒಮ್ಮೆ ಮಡಚಿದೆವು. ಎರಡು ಸಲವೂ ಅಂಚಿನ ಮೇಲೆ ಅಂಚು, ಮೂಲೆಯ ಮೇಲೆ ಮೂಲೆ ಕೂತವು. ಇದಕ್ಕೆ ನಾವು 'ಕೂಡುವುದು' ಎಂದು ಹೆಸರಿಟ್ಟೆವು. ಸಮಮಿತಿ ಎಂಬ ಪದವನ್ನು ನಾನು ಆ ದಿನ ಬೇಕೆಂದೇ ಬಳಸಲಿಲ್ಲ. ಆಕೃತಿಗಳ ಹೆಸರುಗಳಲ್ಲೇ ನಮ್ಮಲ್ಲಿ ಸಾಕಷ್ಟು ಗೊಂದಲವಿದೆ: ಮಲಯಾಳದಲ್ಲಿ 'ಚತುರಂ' ಎಂದರೆ ಆಯತ, 'ಸಮಚತುರಂ' ಎಂದರೆ ಚೌಕ, ಅದನ್ನು ಕೇಳಿ ಬೆಳೆದ ಮಗು ಕನ್ನಡದ ಚೌಕಕ್ಕೂ ಆಯತಕ್ಕೂ ಹೆಸರು ಅದಲುಬದಲು ಮಾಡುವುದುಂಟು.

ಬಳಿಕ, ಮೂಲೆಯಿಂದ ಎದುರು ಮೂಲೆಗೆ ಹೋಗುವ ಗೆರೆಯಲ್ಲಿ ಮಡಚಿದರೆ ಕೂಡುತ್ತದೆಯೇ ಎಂದು ಕೇಳಿದೆ. ಇಬ್ಬರನ್ನು ಬಿಟ್ಟು ಎಲ್ಲರೂ ಕೈ ಎತ್ತಿದರು. ಈ ಮಡಿಕೆ ಮಕ್ಕಳಿಗೆ ಕಷ್ಟದ್ದು, ಏಕೆಂದರೆ ಅಂಚಿಗೆ ಅಂಚು ತಾಗಿಸಿ ಹಿಡಿಯುವ ಆಸರೆ ಇಲ್ಲಿಲ್ಲ. ಗೆರೆಯನ್ನು ಮೊದಲೇ ಒತ್ತಿ ಗುರುತು ಮಾಡಬೇಕು. ಎ4 ಹಾಳೆಯ ಕರ್ಣ 36 ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು, ನನ್ನ ಬಳಿಯಿದ್ದ ಸ್ಕೇಲು 30 ಸೆಂಟಿಮೀಟರಿನದು. ಆದ್ದರಿಂದ ದಿನಪತ್ರಿಕೆಯನ್ನು ನಾಲ್ಕಾರು ಮಡಿಕೆ ಮಾಡಿ ಗಟ್ಟಿಯಾದ ಉದ್ದ ಪಟ್ಟಿ ಮಾಡಿಕೊಂಡು, ಅದರ ಅಂಚಿಗೆ ಹೊಂದಿಸಿ, ಶಾಯಿ ಮುಗಿದ ಬಾಲ್‌ಪೆನ್ನಿನಿಂದ ಗೀರಿಸಿದೆ. ಗೀರಿದ ಜಾಗದಲ್ಲಿ ಕಾಗದ ತಾನಾಗಿಯೇ ಬಾಗುತ್ತದೆ.

ಮಡಚಿದಾಗ ಎರಡು ಮೂಲೆಗಳು ಒಂದರ ಮೇಲೊಂದು ಬೀಳದೆ, ಸುಮಾರು 12 ಸೆಂಟಿಮೀಟರ್ ದೂರದಲ್ಲಿ ಎರಡು ಕೋಡುಗಳಂತೆ ನಿಂತವು. ಕೆಲವರು ತಮ್ಮ ಕೈ ತಪ್ಪಿತೆಂದು ಬಿಡಿಸಿ ಮತ್ತೆ ಮಡಚಿದರು. ಕೈಯ ತಪ್ಪನ್ನು ಆಕೃತಿಯ ಗುಣದಿಂದ ಬೇರೆ ಮಾಡಿ ನೋಡಲು ಇದೇ ಸಮಯ: ಎರಡು ಮೂರು ಮಿಲಿಮೀಟರಿನ ಸರಿತ ಮತ್ತೊಮ್ಮೆ ಮಡಚಿದಾಗ ಕಡಮೆಯಾಗುತ್ತದೆ ಅಥವಾ ಇನ್ನೊಂದು ಬದಿಗೆ ಹೋಗುತ್ತದೆ, ಆದರೆ ಈ ಕೋಡುಗಳು ಎಲ್ಲರ ಹಾಳೆಯಲ್ಲೂ, ಎಷ್ಟು ಸಲ ಮಡಚಿದರೂ, ಅದೇ ದೂರದಲ್ಲಿ ನಿಲ್ಲುತ್ತವೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಅದನ್ನು ನೋಡಿ, "ಅರ್ಧ ಅರ್ಧ ಉಂಟು ಮಾಷ್ಟ್ರೇ, ಆದ್ರೆ ಕೂಡುದಿಲ್ಲ" ಎಂದಳು. ನನ್ನ ಹಳೆಯ ವಾಕ್ಯದಲ್ಲಿ ಬಿಟ್ಟುಹೋದದ್ದು ಅದೇ.

ಅರ್ಧ ಅರ್ಧ ಇರುವುದು ನಿಜವೇ ಎಂದು ನೋಡಲು ಇನ್ನೊಂದು ಹಾಳೆಯನ್ನು ಕರ್ಣದುದ್ದಕ್ಕೂ ಕತ್ತರಿಸಿದೆವು. ಎರಡು ತ್ರಿಭುಜಗಳನ್ನೂ ಬರಹದ ಬದಿ ಮೇಲಿರುವಂತೆ ಮೇಜಿನ ಮೇಲಿಟ್ಟು, ಒಂದನ್ನು ಮಗುಚದೆ ಅರ್ಧ ಸುತ್ತು ತಿರುಗಿಸಿದಾಗ ಅದು ಇನ್ನೊಂದರ ಮೇಲೆ ಸರಿಯಾಗಿ ಕೂತಿತು. ತಿರುಗಿಸಿದಾಗ ಬರಹ ತಲೆಕೆಳಗಾಗುತ್ತದೆ, ಆದರೆ ಮೇಲೆಯೇ ಇರುತ್ತದೆ. ಮಡಚಿದಾಗ ಬಿಳಿ ಬದಿ ಮೇಲೆ ಬರುತ್ತದೆ. ತಿರುಗಿಸಿ ಹೊಂದಿಸುವುದಕ್ಕೂ ಮಡಚಿ ಕೂಡಿಸುವುದಕ್ಕೂ ಇರುವ ವ್ಯತ್ಯಾಸವನ್ನು ನಾನು ಮಾತಿನಲ್ಲಿ ಎಷ್ಟು ವಿವರಿಸಿದರೂ ತಲುಪಿಸಲಾರದೆ ಹೋಗಿದ್ದೆ, ಆ ಹಳೆಯ ಮುದ್ರಿತ ಹಾಳೆ ಅದನ್ನು ಕಣ್ಣಿಗೆ ಕಾಣಿಸಿತು.

ಪಾಠವನ್ನು ಅಲ್ಲಿಗೇ ನಿಲ್ಲಿಸಬೇಕೆಂದಿದ್ದೆ. ಆದರೆ ಕೋಡುಗಳಿರುವ ಮಡಚಿದ ಹಾಳೆ ಎಲ್ಲರ ಕೈಯಲ್ಲೂ ಉಳಿದಿತ್ತು. ಅದರ ನಡುಭಾಗದಲ್ಲಿ ಕಾಗದ ಎರಡು ಪದರವಾಗಿದೆ, ಕೋಡುಗಳಲ್ಲಿ ಮಾತ್ರ ಒಂದೇ ಪದರ. ಕೂಡದ ಭಾಗವನ್ನು ತೆಗೆದುಬಿಟ್ಟರೆ ಏನು ಉಳಿಯುತ್ತದೆ ಎಂದು ಕೇಳಿ, ಎದುರಿಗೆ ಕಾಣುವ ಅಂಚನ್ನೇ ಗೆರೆಯಾಗಿಟ್ಟುಕೊಂಡು ಒಂದು ಕೋಡನ್ನು, ಹಾಳೆ ಮಗುಚಿ ಇನ್ನೊಂದು ಕೋಡನ್ನು ಕತ್ತರಿಸಲು ಹೇಳಿದೆ. ಕತ್ತರಿ ಮಡಿಕೆಯನ್ನು ಮುಟ್ಟಬಾರದು. ಅವಸರದಲ್ಲಿ ಮಡಿಕೆಯ ತುದಿಯನ್ನೇ ಕತ್ತರಿಸಿದ ಮೂವರಿಗೆ ಹೊಸ ಹಾಳೆ ಕೊಡಬೇಕಾಯಿತು. ಉಳಿದವರು ಬಿಡಿಸಿ ನೋಡಿದಾಗ ಕೈಯಲ್ಲಿ ನಾಲ್ಕೂ ಬದಿ ಸಮವಾಗಿರುವ ಉದ್ದನೆಯ ವಜ್ರಾಕೃತಿಯಿತ್ತು, ಪ್ರತಿ ಬದಿ ಸುಮಾರು 22 ಸೆಂಟಿಮೀಟರ್. ಅದರ ಉದ್ದನೆಯ ಕರ್ಣವಾಗಿ ಇದ್ದುದು ಆಯತದಲ್ಲಿ ಕೂಡದೆ ಹೋದ ಅದೇ ಮಡಿಕೆ.

ಇನ್ನೊಂದು ಕರ್ಣದಲ್ಲಿ ಮಡಚಿದರು, ಕೂಡಿತು. ಎದುರು ಬದಿಗಳ ನಡುವಿನಿಂದ ನಡುವಿಗೆ ಮಡಚಿದರು, ಕೂಡಲಿಲ್ಲ. ಆಯತದಲ್ಲಿ ನಡು ಮಡಿಕೆಗಳು ಕೂಡಿ ಕರ್ಣಗಳು ಕೂಡಲಿಲ್ಲ. ಇಲ್ಲಿ ಅದು ತಿರುಗುಮುರುಗಾಯಿತು. ಮರುದಿನ ಗಿಡ್ಡ ಅಂಚನ್ನು ಉದ್ದ ಅಂಚಿನ ಮೇಲೆ ತಂದು ಮಡಚಿ, ಮಿಕ್ಕ ಪಟ್ಟಿಯನ್ನು ಕತ್ತರಿಸಿ ಚೌಕ ಮಾಡಿಕೊಂಡಾಗ, ಎರಡು ಬಗೆಯ ಮಡಿಕೆಗಳೂ ಅದರಲ್ಲಿ ಕೂಡುತ್ತವೆ, ಒಟ್ಟು ನಾಲ್ಕು, ಎಂಬುದನ್ನು ಅವರು ನಾನು ಕೇಳುವ ಮೊದಲೇ ಎಣಿಸಿಯಾಗಿತ್ತು. ಸಮಮಿತಿ ರೇಖೆ ಎಂಬ ಹೆಸರನ್ನು ಆಗ ಹೇಳಿದೆ.

ಕತ್ತರಿಸಿ ಬಿದ್ದ ಕೋಡುಗಳನ್ನು ಕಸದ ಬುಟ್ಟಿಗೆ ಹಾಕಲು ನಾನು ಹೇಳುವಷ್ಟರಲ್ಲಿ ಮಕ್ಕಳು ಅವುಗಳನ್ನು ಜೋಡಿಸಲು ತೊಡಗಿದ್ದರು. ಪ್ರತಿಯೊಬ್ಬರ ಬಳಿಯೂ ಎರಡು ಲಂಬಕೋನ ತ್ರಿಭುಜಗಳು: ಒಂದು ಬದಿ 7 ಸೆಂಟಿಮೀಟರಿಗಿಂತ ತುಸು ಹೆಚ್ಚು, ಇನ್ನೊಂದು 21. ಹೆಚ್ಚಿನವರು ಒಂದನ್ನು ಮಗುಚಿ 21 ಸೆಂಟಿಮೀಟರಿನ ಬದಿಗಳನ್ನು ತಾಗಿಸಿ, ಗುಡಾರದಂಥ ಸಮದ್ವಿಬಾಹು ತ್ರಿಭುಜ ಮಾಡಿದರು. ಅದರ ಅರ್ಧ ಬರಹ, ಅರ್ಧ ಬಿಳಿ. ಜೋಡಿಸಿದ ಗೆರೆಯೇ ಅದರ ಸಮಮಿತಿ ರೇಖೆ. ಒಬ್ಬ ಹುಡುಗ ಮಾತ್ರ ಮಗುಚದೆ ತಿರುಗಿಸಿ ಅದೇ ಬದಿಗಳನ್ನು ತಾಗಿಸಿದ, ಅವನಿಗೆ ಓರೆಯಾಗಿ ವಾಲಿದ ಸಮಾಂತರ ಚತುರ್ಭುಜ ಬಂತು. ಅಂಟುಪಟ್ಟಿ ಕೇಳಿ ಅದನ್ನು ಅಂಟಿಸಿ, ಎರಡು ಕರ್ಣಗಳಲ್ಲೂ ಎರಡು ನಡುಗೆರೆಗಳಲ್ಲೂ ಮಡಚಿ ನೋಡಿದ. ಊಟದ ಗಂಟೆ ಹೊಡೆದ ಮೇಲೂ ಮಡಚುತ್ತಲೇ ಇದ್ದವನು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, "ಇದಕ್ಕೆ ಒಂದೂ ಇಲ್ಲ ಮಾಷ್ಟ್ರೇ" ಎಂದು ಹೇಳಿ ಕೈ ತೊಳೆಯಲು ಓಡಿದ.