ಕನ್ನಡದ ಪ್ರೈವೆಸಿ ಪಾಲಿಸಿ: ಹೊಣೆ ಜಾರದಂತೆ ನಾನು ಅನುವಾದ ಮಾಡುವ ರೀತಿ

ಇಂಗ್ಲಿಷ್ ಮೂಲ ನೋಡದವರ ಕೈಲಿ ಅನುವಾದ ಪರೀಕ್ಷೆ ಮಾಡಿಸುತ್ತೇನೆ ಅಂದಾಗ ಬೆಂಗಳೂರಿನ ಏಜೆನ್ಸಿಯವರು ನಕ್ಕಿದ್ದರು. "ಬ್ಯಾಕ್ ಟ್ರಾನ್ಸ್‌ಲೇಷನ್ ಮಾಡಿಸಿ ಬಿಲ್ ಕಳಿಸಿ ಸಾರ್, ಇದೆಲ್ಲ ಯಾಕೆ?" ಅಂತ. ಅಂದರೆ ಕನ್ನಡವನ್ನು ಇನ್ನೊಬ್ಬರ ಕೈಲಿ ವಾಪಸ್ ಇಂಗ್ಲಿಷ್ ಮಾಡಿಸಿ ಮೂಲದ ಜೊತೆ ಹೋಲಿಸುವುದು. ಈಗ ಕಾನೂನಿನ ಕೆಲಸ ಬಂದರೆ ಅವರು ಮೊದಲು ಫೋನ್ ಮಾಡುವುದು ಮೈಸೂರಿನಲ್ಲಿರುವ ನನಗೇ. ಅದಕ್ಕೇ ಬರೆಯುತ್ತಿದ್ದೇನೆ.

ಈ ರೀತಿ ಗಟ್ಟಿಯಾದದ್ದು ಮಂಡ್ಯ ಕಡೆಯ ಒಂದು ಬೆಲ್ಲದ ವೆಬ್‌ಸೈಟಿನ ಕೆಲಸದಲ್ಲಿ. ಆಲೆಮನೆಯವರು ನೇರವಾಗಿ ಗಿರಾಕಿಗೆ ಮಾರುವ ತಾಣ ಅದು. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಪ್ರಕಾರ, ಒಪ್ಪಿಗೆ ಕೇಳುವ ನೋಟಿಸನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಅನುಸೂಚಿಯ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಜನರಿಗೆ ಇರಬೇಕು. ಅದಕ್ಕೆ ತಯಾರಾಗಲು ಅವರು ಬೇರೆ ಕಡೆ ಅನುವಾದ ಮಾಡಿಸಿದ್ದರು. ಪಾಲಿಸಿ, ಷರತ್ತು ಸೇರಿ ನಾಲ್ಕೂವರೆ ಸಾವಿರ ಪದದ ಆಸುಪಾಸು. ಬ್ಯಾಕ್ ಟ್ರಾನ್ಸ್‌ಲೇಷನ್ ಕೂಡ ಆಗಿತ್ತು, ಪಾಸೂ ಆಗಿತ್ತು. ಆದರೂ ಮಾಲೀಕರಿಗೆ ಸಮಾಧಾನ ಇರಲಿಲ್ಲ.

ಅದರಲ್ಲಿದ್ದ ಒಂದು ಸಾಲು ನೋಡಿ: "ನಿಮ್ಮ ಎಲ್ಲಾ ಮಾಹಿತಿಯನ್ನು ಇತರರೊಂದಿಗೆ ಹಂಚಿಕೊಳ್ಳುವುದಿಲ್ಲ." ಇಂಗ್ಲಿಷ್ ಮೂಲದಲ್ಲಿ ಇದ್ದದ್ದು ಯಾವ ಮಾಹಿತಿಯನ್ನೂ ಹಂಚುವುದಿಲ್ಲ ಅಂತ. ಕನ್ನಡ ಓದಿದವನಿಗೆ ಎಲ್ಲವನ್ನೂ ಕೊಡುವುದಿಲ್ಲ, ಒಂದಿಷ್ಟು ಕೊಡುತ್ತಾರೆ ಅಂತಲೂ ಅರ್ಥವಾಗುತ್ತದೆ. ಬ್ಯಾಕ್ ಟ್ರಾನ್ಸ್‌ಲೇಷನ್‌ನಲ್ಲಿ ಇದು ಯಾಕೆ ಸಿಗಲಿಲ್ಲ? ವಾಪಸ್ ಇಂಗ್ಲಿಷ್ ಮಾಡುವವರು ಇಂಥ ಪಾಲಿಸಿಗಳನ್ನು ನೂರಾರು ಓದಿರುತ್ತಾರೆ. ಅಲ್ಲಿ ಏನಿರಬೇಕೋ ಅದು ಅವರ ಬಾಯಲ್ಲೇ ಇರುತ್ತದೆ. ಕೆಟ್ಟ ಕನ್ನಡವನ್ನು ತಮಗೇ ಗೊತ್ತಿಲ್ಲದೆ ರಿಪೇರಿ ಮಾಡಿ ಒಳ್ಳೆ ಇಂಗ್ಲಿಷ್ ಕೊಡುತ್ತಾರೆ. ತಪ್ಪು ಮುಚ್ಚಿಹೋಗುತ್ತದೆ.

ನಾನು ಮಾಡುವುದು ಹೀಗೆ. ಅನುವಾದಕ್ಕೆ ಕೈ ಹಾಕುವ ಮೊದಲು ಇಂಗ್ಲಿಷ್ ಪಠ್ಯವನ್ನು ಒಂದು ಸ್ಪ್ರೆಡ್‌ಶೀಟಿಗೆ ಒಡೆದು ಹಾಕುತ್ತೇನೆ. ಒಂದು ಸಾಲಿಗೆ ಒಂದೇ ಹೊಣೆ ಅಥವಾ ಒಂದೇ ಹಕ್ಕು. ಯಾರು ಮಾಡಬೇಕು, ಯಾರಿಗೆ, ಏನನ್ನು, ಕಡ್ಡಾಯವೋ ಅವರ ಇಷ್ಟವೋ ನಿಷೇಧವೋ, ಯಾವ ಷರತ್ತಿನ ಮೇಲೆ, ಯಾವಾಗಿನಿಂದ ಎಷ್ಟು ದಿನ. ಇಷ್ಟು ಕಾಲಂ. ಬೆಲ್ಲದ ಕೆಲಸದಲ್ಲಿ ನೂರಿಪ್ಪತ್ತು ಸಾಲು ಹತ್ತಿರ ಬಂದಿರಬೇಕು. ಅನುವಾದ ಮುಗಿದ ಮೇಲೆ, ಇಂಗ್ಲಿಷ್ ನೋಡದವರಿಗೆ ಕನ್ನಡ ಮಾತ್ರ ಕೊಟ್ಟು ಅದೇ ಕಾಲಂಗಳನ್ನು ತುಂಬಿಸುತ್ತೇನೆ. ಎರಡು ಶೀಟ್ ಪಕ್ಕಪಕ್ಕ ಇಟ್ಟರೆ ಎಲ್ಲಿ ಹೊಣೆ ಜಾರಿದೆ ಅಂತ ಕಣ್ಣಿಗೆ ಕಾಣುತ್ತದೆ.

ಒಂದು ಷರತ್ತು ತೆಗೆದುಕೊಳ್ಳೋಣ. ಮೂಲದ ಒಂದೇ ವಾಕ್ಯದಲ್ಲಿ ಎರಡು ಮಾತಿತ್ತು. ಖಾತೆ ಮುಚ್ಚಿದ ಮೇಲೆ ಮಾಹಿತಿಯನ್ನು 90 ದಿನದವರೆಗೆ ಇಟ್ಟುಕೊಳ್ಳಬಹುದು, ಕಾನೂನು ಜಾಸ್ತಿ ದಿನ ಇಡಲು ಹೇಳಿದರೆ ಅಷ್ಟು ದಿನ. ಆರ್ಡರ್ ತಲುಪಿಸಲು ಬೇಕಾದಷ್ಟು ಬಿಟ್ಟರೆ ಬೇರೆ ಯಾರಿಗೂ ಕೊಡುವಂತಿಲ್ಲ. ಹಳೇ ಅನುವಾದದಲ್ಲಿ ಇದು, "ಕಾನೂನಿನ ಅಗತ್ಯವಿದ್ದಲ್ಲಿ ಹೊರತುಪಡಿಸಿ 90 ದಿನಗಳವರೆಗೆ ಇರಿಸಲಾಗುವುದು ಮತ್ತು ಹಂಚಲಾಗುವುದಿಲ್ಲ" ಅಂತಾಗಿತ್ತು. ಇದರಲ್ಲಿ ಮೂರು ಕಡೆ ಪೆಟ್ಟು ಬಿದ್ದಿದೆ. ಇಡಬಹುದು ಅಂತಿದ್ದದ್ದು ಇಟ್ಟೇ ಇಡುತ್ತೇವೆ ಅಂತಾಯಿತು. ಕಾನೂನಿನ ವಿನಾಯಿತಿ ಹಂಚುವುದಕ್ಕೂ ಅಂಟಿಕೊಂಡಿತು, ಆರ್ಡರಿನ ಮಾತೇ ಮಾಯ. ಮೇಲಾಗಿ "ಲಾಗುವುದು" ಬಂದು ಮಾಡುವವರು ಯಾರು ಅಂತಲೇ ಗೊತ್ತಿಲ್ಲ. ತಾಣದವರೋ, ಆಲೆಮನೆಯವರೋ, ಕೊರಿಯರ್‌ನವರೋ?

ನಾನು ಅದನ್ನು ಹೀಗೆ ಬರೆದೆ: "ನೀವು ಖಾತೆ ಮುಚ್ಚಿದ ದಿನದಿಂದ ಹೆಚ್ಚೆಂದರೆ 90 ದಿನ ನಾವು ನಿಮ್ಮ ಮಾಹಿತಿಯನ್ನು ಇಟ್ಟುಕೊಳ್ಳಬಹುದು. ಅದಕ್ಕಿಂತ ಹೆಚ್ಚು ದಿನ ಇಡಬೇಕೆಂದು ಕಾನೂನು ಹೇಳಿದರೆ ಮಾತ್ರ ಅಷ್ಟು ದಿನ ಇಡುತ್ತೇವೆ. ನಿಮ್ಮ ಆರ್ಡರ್ ತಲುಪಿಸಲು ಬೇಕಾದಷ್ಟನ್ನು ಬಿಟ್ಟು ಯಾವ ಮಾಹಿತಿಯನ್ನೂ ನಾವು ಬೇರೆ ಯಾರಿಗೂ ಕೊಡುವುದಿಲ್ಲ." ಒಂದು ವಾಕ್ಯ ಮೂರಾಯಿತು. ಪ್ರತಿ ವಿನಾಯಿತಿ ತನ್ನ ಕ್ರಿಯಾಪದದ ಪಕ್ಕದಲ್ಲೇ ಕೂತಿದೆ. ಏಜೆನ್ಸಿಯವರು ವಾಕ್ಯದ ಲೆಕ್ಕ ಮೂಲಕ್ಕೆ ಹೊಂದಲ್ಲ ಅಂತ ಗೊಣಗಿದರು. ಗೊಣಗಲಿ.

"ಬಹುದು" ಬಂದಲ್ಲೆಲ್ಲ ಜೋಪಾನ. ಇಂಗ್ಲಿಷಿನ ಮೇ ನಾಟ್ ಎರಡು ವೇಷ ಹಾಕುತ್ತದೆ. ಮಳೆಗಾಲದಲ್ಲಿ ಸೇವೆ ಸಿಗದಿರಬಹುದು ಅನ್ನುವುದು ಒಂದು. ಇಲ್ಲಿ ಕೊಂಡದ್ದನ್ನು ನೀವು ಮತ್ತೆ ಮಾರುವಂತಿಲ್ಲ ಅನ್ನುವುದು ಇನ್ನೊಂದು. ಎರಡನೆಯದನ್ನೂ "ಮಾರದಿರಬಹುದು" ಅಂತ ಬರೆದವರನ್ನು ನೋಡಿದ್ದೇನೆ. ನಿಷೇಧ ಹೋಗಿ ಸಲಹೆ ಆಯಿತು.

ದೂರಿನ ಷರತ್ತು ಇನ್ನೂ ದುಬಾರಿ. 2020ರ ಇ-ಕಾಮರ್ಸ್ ಗ್ರಾಹಕ ರಕ್ಷಣಾ ನಿಯಮಗಳಲ್ಲಿ ದೂರು ಬಂದದ್ದನ್ನು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು ಅಂತಿದೆ. ಹಳೇ ಅನುವಾದದಲ್ಲಿ "48 ಗಂಟೆಯೊಳಗೆ ದೂರನ್ನು ಒಪ್ಪಿಕೊಳ್ಳುತ್ತೇವೆ" ಅಂತಿತ್ತು! ಅಂದರೆ ತಪ್ಪು ನಮ್ಮದೇ ಅಂತ ಮೊದಲೇ ಬರೆದುಕೊಟ್ಟ ಹಾಗೆ. "ನಿಮ್ಮ ದೂರು ನಮಗೆ ತಲುಪಿದೆ ಎಂದು 48 ಗಂಟೆಯೊಳಗೆ ತಿಳಿಸುತ್ತೇವೆ" ಅಂತ ಮಾಡಿದೆ. ಒಂದು ತಿಂಗಳನ್ನು 30 ದಿನ ಅಂತ ಬದಲಾಯಿಸಲಿಲ್ಲ, ಎರಡೂ ಒಂದೇ ಅಲ್ಲ.

ಪರೀಕ್ಷೆಗೆ ಯಾರು? ಮೊದಲು ನಿವೃತ್ತ ಕನ್ನಡ ಮೇಷ್ಟ್ರೊಬ್ಬರನ್ನು ಕೂರಿಸಿದೆ. ಅವರು ಅಲ್ಪಪ್ರಾಣ ಮಹಾಪ್ರಾಣ ತಿದ್ದಿ ಕೊಟ್ಟರು, ಕಾಲಂ ಖಾಲಿ. ಕಾನೂನು ಓದುವ ಹುಡುಗ ಎಲ್ಲವನ್ನೂ ಸರಿಯಾಗಿ ತುಂಬಿದ, ಯಾಕೆಂದರೆ ಉತ್ತರ ಅವನಿಗೆ ಮೊದಲೇ ಗೊತ್ತಿತ್ತು. ಕೆಲಸಕ್ಕೆ ಬಂದವರು ಒಂಟಿಕೊಪ್ಪಲಿನ ದಿನಸಿ ಅಂಗಡಿಯವರು. ದಿನಾ ಸಾಲ, ವಾಯಿದೆ, ವಾಪಸ್ ಮಾತಾಡುವವರು, ಯಾರು ಯಾರಿಗೆ ಎಷ್ಟು ದಿನದಲ್ಲಿ ಅನ್ನುವುದು ಅವರ ಕಣ್ಣಿಗೆ ಬೇಗ ಬೀಳುತ್ತದೆ. ಒಬ್ಬರಿಗೆ ಮುನ್ನೂರು, ನಾಲ್ಕುನೂರು ರೂಪಾಯಿ, ಜೊತೆಗೆ ಕಾಫಿ. ಶೀಟಿನ ಮಧ್ಯೆ ಓದುಗರು ಸುಮ್ನೆ ಊಹಿಸುತ್ತಿದ್ದಾರಾ ಅಂತ ಹಿಡಿಯಲು ಎರಡು ಸಾಲು ಸೇರಿಸುತ್ತೇನೆ. ಅವು ಯಾವುವು ಅಂತ ಹೇಳಲ್ಲ, ನನ್ನ ಅನ್ನ ಅದು.

ನಡುವೆ ಒಂದು ಪ್ರಯೋಗ ಮಾಡಿದೆ. ಕಡ್ಡಾಯ ಅಂತ ಹೇಳುವ ಇಂಗ್ಲಿಷಿನ ಶಲ್ ಬಂದಲ್ಲೆಲ್ಲ ಸರ್ಕಾರಿ ಕಾಯ್ದೆಗಳ "ತಕ್ಕದ್ದು" ಹಾಕಿದೆ. ವಕೀಲರಿಗೆ ಖುಷಿಯೋ ಖುಷಿ. ಅಂಗಡಿಯವರು ಮಾತ್ರ ಅದನ್ನು ಮಾಡಿದರೆ ಒಳ್ಳೆಯದು ಅಂತ ಓದಿದರು. ಕಿತ್ತು "ಬೇಕು" ಹಾಕಿದೆ. ಇನ್ನೊಂದು ತಲೆನೋವು: ಇಂಗ್ಲಿಷಿನಲ್ಲಿ ವ್ಯಾಖ್ಯಾನ ಕೊಟ್ಟ ಪದಕ್ಕೆ ದೊಡ್ಡಕ್ಷರ ಇರುತ್ತದೆ, ನಮ್ಮ ಲಿಪಿಯಲ್ಲಿ ಅದಿಲ್ಲ. ದಪ್ಪಕ್ಷರ ಮಾಡಿದೆ, ಮೊಬೈಲಿನಲ್ಲಿ ಜಾಹೀರಾತಿನ ಥರ ಕಂಡಿತು. ಕೊನೆಗೆ ಬರೀ "ಸೇವೆ" ಬಿಟ್ಟು ಪ್ರತಿ ಸಲವೂ "ಈ ತಾಣದ ಸೇವೆ" ಅಂತಲೇ ಬರೆದೆ. ಉದ್ದವಾಯಿತು, ಗೊಂದಲ ಹೋಯಿತು.

ಮೂಲವೇ ಅಸ್ಪಷ್ಟ ಇದ್ದರೆ ನಾನು ಕನ್ನಡದಲ್ಲಿ ಸರಿ ಮಾಡುವುದಿಲ್ಲ. ಏಳು ಕೆಲಸದ ದಿನಗಳಲ್ಲಿ ಹಣ ವಾಪಸ್ ಅಂತಿತ್ತು. ಯಾವ ದಿನದಿಂದ, ಯಾರಿಂದ ಅನ್ನುವ ಎರಡು ಕಾಲಂ ಖಾಲಿ ಉಳಿದವು. ಆ ಸಾಲನ್ನೇ ಅವರ ವಕೀಲರಿಗೆ ಕಳಿಸಿದೆ. ಸರಕು ವಾಪಸ್ ಮುಟ್ಟಿದ ದಿನದಿಂದ, ತಾಣದವರಿಂದ ಅಂತ ಉತ್ತರ ಬಂತು, ಇಂಗ್ಲಿಷನ್ನೇ ತಿದ್ದಿದರು. ವ್ಯತ್ಯಾಸ ಬಂದರೆ ಇಂಗ್ಲಿಷ್ ಪ್ರತಿಯೇ ಅಂತಿಮ ಅನ್ನುವ ಸಾಲನ್ನು ತಳದಿಂದ ತೆಗೆದು ಮೇಲೆ ಹಾಕಿಸಿದೆ. ಜನ ಕನ್ನಡ ಓದಿ ಒಪ್ಪಿಗೆ ಒತ್ತುವಾಗ ಅದು ಅವರಿಗೆ ಮೊದಲೇ ಗೊತ್ತಿರಬೇಕು ಅಲ್ವಾ?

ದುಡ್ಡಿನ ಲೆಕ್ಕ. ಪದಕ್ಕೆ ಎರಡು ರೂಪಾಯಿಯಂತೆ ಒಂಬತ್ತು ಸಾವಿರ, ಶೀಟಿಗೆ ಪ್ರತ್ಯೇಕವಾಗಿ ನಾಲ್ಕು ಸಾವಿರ ಕೇಳಿದೆ. ಓದುಗರಿಗೆ ಎರಡು ಸಾವಿರದಷ್ಟು ಹೋಯಿತು. ಶೀಟಿನ ದುಡ್ಡಿಗೆ ಮಾಲೀಕರು ಚೌಕಾಸಿ ಮಾಡಿದರು, ನಾನು ಬಿಡಲಿಲ್ಲ. ಆಮೇಲೆ ಡೆಲಿವರಿ ಷರತ್ತು ಬದಲಾದಾಗ ಪೂರ್ತಿ ಪಠ್ಯ ಮತ್ತೆ ಓದುವ ಗೋಜಿರಲಿಲ್ಲ. ಶೀಟಿನಲ್ಲಿ ಬದಲಾದದ್ದು ಆರೇಳು ಸಾಲು, ಅಷ್ಟನ್ನೇ ತಿದ್ದಿ ಮತ್ತೆ ಅಂಗಡಿಯವರಿಗೆ ಕೊಟ್ಟೆ. ಅದಕ್ಕೆ ಎಂಟುನೂರು ರೂಪಾಯಿ ಬಿಲ್ ಮಾಡಿದೆ.