ಬೆಣ್ಣೆ ದೋಸೆಯ ರೇಟು ಮತ್ತು ಸಂಘದ ಸುತ್ತೋಲೆ: ನನ್ನ ಅನುಭವ

ದಾವಣಗೆರೆಯಲ್ಲಿ ವಕೀಲಿಕೆ ಮಾಡುವ ನನಗೆ ಸಂಘಗಳ ಕೆಲಸ ಆಗಾಗ ಬರುತ್ತದೆ. ನೋಂದಣಿ, ಬೈಲಾ, ವಾರ್ಷಿಕ ಸಭೆಯ ನಡಾವಳಿ, ಇಂಥವು. ಒಂದು ಬಡಾವಣೆಯ ತಿಂಡಿ ಹೋಟೆಲ್‌ನವರ ಸಣ್ಣ ಸಂಘ ಸುತ್ತೋಲೆಯ ಕರಡು ಕಳಿಸಿ, "ಭಾಷೆ ಸ್ವಲ್ಪ ತಿದ್ದಿಕೊಡಿ ಸರ್" ಎಂದಿತು. ಕರಡು ಹೀಗಿತ್ತು:

"ಬೆಣ್ಣೆ, ಸಿಲಿಂಡರ್ ದರ ಏರಿದೆ. ಆದ್ದರಿಂದ ಒಂದನೇ ತಾರೀಖಿನಿಂದ ಬೆಣ್ಣೆ ದೋಸೆ 60ರ ಬದಲು 70 ರೂಪಾಯಿ. ಸದಸ್ಯರೆಲ್ಲರೂ ಇದೇ ದರದ ಬೋರ್ಡ್ ಹಾಕಬೇಕು. ಕಡಿಮೆಗೆ ಮಾರಿದವರಿಗೆ 5,000 ರೂಪಾಯಿ ದಂಡ."

ಭಾಷೆ ಚೆನ್ನಾಗಿಯೇ ಇತ್ತು. ಮೊದಲ ಸಾಲು ಬಿಟ್ಟು ಉಳಿದದ್ದನ್ನೆಲ್ಲ ನಾನು ಹೊಡೆದುಹಾಕಿದೆ.

ಪದಾಧಿಕಾರಿಗಳಿಗೆ ಸಿಟ್ಟು ಬಂತು. "ನಮ್ಮದು ನೋಂದಾಯಿತ ಸಂಘ, ನಮ್ಮ ಸದಸ್ಯರಿಗೆ ನಾವು ಹೇಳೋದು ತಪ್ಪಾ?" ಎಂದರು ಅಧ್ಯಕ್ಷರು. ಸ್ಪರ್ಧಾ ಕಾಯ್ದೆ 2002ರ 3ನೇ ಸೆಕ್ಷನ್ ತೆಗೆದು ತೋರಿಸಿದೆ. ಒಂದೇ ವ್ಯಾಪಾರ ಮಾಡುವವರು ಸೇರಿ ಬೆಲೆ ನಿಗದಿ ಮಾಡಿದರೆ, ಅದರಿಂದ ಸ್ಪರ್ಧೆಗೆ ಧಕ್ಕೆಯಾಗಿದೆ ಎಂದೇ ಕಾನೂನು ಊಹಿಸಿಕೊಳ್ಳುತ್ತದೆ. ಇಲ್ಲ ಎಂದು ತೋರಿಸುವ ಹೊರೆ ಸಂಘದ ಮೇಲೆ. ಸಂಘಗಳ ತೀರ್ಮಾನವೂ ಇದರೊಳಗೇ ಬರುತ್ತದೆ, ಸೊಸೈಟಿ ನೋಂದಣಿ ಇದ್ದರೆ ರಕ್ಷಣೆ ಏನೂ ಸಿಗುವುದಿಲ್ಲ. ನಮ್ಮ ರಾಜ್ಯದ ಔಷಧ ವ್ಯಾಪಾರಿಗಳ ಸಂಘದ ಮೇಲೆಯೇ 2016ರಲ್ಲಿ, ಈ ಕಾಯ್ದೆಯನ್ನು ಜಾರಿ ಮಾಡುವ ಸ್ಪರ್ಧಾ ಆಯೋಗ ದಂಡ ಹಾಕಿತ್ತು. ಅಲ್ಲಿ ತಕರಾರು ಬೆಲೆಯದ್ದಲ್ಲ, ಔಷಧ ಕಂಪನಿಯ ಹೊಸ ಸ್ಟಾಕಿಸ್ಟ್, ಅಂದರೆ ಸಗಟು ವಿತರಕ, ಆಗಲು ಸಂಘದ ನಿರಾಕ್ಷೇಪಣಾ ಪತ್ರ ಬೇಕು ಎಂಬ ಪದ್ಧತಿಯದ್ದು. ಆದರೆ ಸಂಘ ಎಂಬ ಕಾರಣಕ್ಕೆ ಯಾರೂ ಬಿಡುವುದಿಲ್ಲ ಎನ್ನುವುದಕ್ಕೆ ಅದು ಸಾಕು.

ಕಾರ್ಯದರ್ಶಿ ಜಾಣರು. "ಹಾಗಾದ್ರೆ 'ಸೂಚಿತ ದರ' ಅಂತ ಹಾಕೋಣ" ಎಂದರು. ಎಲ್ಲ ಸಂಘಗಳೂ ಹುಡುಕುವ ದಾರಿ ಇದೇ, ಆದರೆ ಇದು ನಡೆಯುವುದಿಲ್ಲ. ಕಾಯ್ದೆಯಲ್ಲಿ ಬೆಲೆಯನ್ನು "ನೇರವಾಗಿ ಅಥವಾ ಪರೋಕ್ಷವಾಗಿ" ನಿರ್ಧರಿಸುವುದು ಎಂದಿದೆ. ಒಪ್ಪಂದ ಬರವಣಿಗೆಯಲ್ಲೇ ಇರಬೇಕು ಎಂದೂ ಇಲ್ಲ, ಒಂದು ಕಣ್ಸನ್ನೆಯೂ ಸಾಕು. ವಾಟ್ಸಾಪ್ ಗುಂಪಿನಲ್ಲಿ ಒಬ್ಬರು "70 ಓಕೆನಾ?" ಎಂದು ಕೇಳಿ ಉಳಿದವರು ಹೆಬ್ಬೆರಳು ಒತ್ತಿದರೂ ತನಿಖೆಯಲ್ಲಿ ಅದು ಪುರಾವೆಯೇ.

ದಂಡದ ಲೆಕ್ಕ ಕೇಳಿದ ಮೇಲೆ ಗಲಾಟೆ ಕಡಿಮೆಯಾಯಿತು. ಕಾರ್ಟೆಲ್, ಅಂದರೆ ವ್ಯಾಪಾರಿಗಳು ಹೀಗೆ ಸೇರಿ ಬೆಲೆ ಕಟ್ಟುವ ಕೂಟ, ಎಂದು ಸಾಬೀತಾದರೆ, ಅದು ನಡೆದ ಪ್ರತಿ ವರ್ಷಕ್ಕೂ ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ಶೇ. 10, ಎರಡರಲ್ಲಿ ಯಾವುದು ಜಾಸ್ತಿಯೋ ಅಲ್ಲಿಯವರೆಗೆ ಹಾಕಬಹುದು. ಹೊಣೆ ಹೊತ್ತ ಪದಾಧಿಕಾರಿಗಳನ್ನೂ ಪ್ರತ್ಯೇಕವಾಗಿ ಹಿಡಿಯಬಹುದು. ಇನ್ನೊಂದು ಮಾತನ್ನೂ ಹೇಳಿದೆ: ಸದಸ್ಯರಲ್ಲೇ ಒಬ್ಬರು ಮೊದಲು ಆಯೋಗಕ್ಕೆ ಹೋಗಿ ಪೂರ್ತಿ ವಿಷಯ ಬಿಚ್ಚಿಟ್ಟರೆ ಅವರ ದಂಡ ಪೂರ್ತಿ ಮಾಫ್ ಆಗಬಹುದು. ಅಷ್ಟು ಹೇಳಿದ್ದೇ ತಡ, ಸಭೆಯಲ್ಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೆಹಲಿಯ ಆಯೋಗ ಒಂದು ಬಡಾವಣೆಯ ದೋಸೆ ನೋಡಲು ಬರುತ್ತದಾ? ಬರುವ ಸಂಭವ ಕಡಿಮೆ, ನಿಜ. ಆದರೆ ದೂರು ಕೊಡಲು ಯಾರಿಗೂ ಅಡ್ಡಿಯಿಲ್ಲ. ಸಂಘಕ್ಕೆ ದಂಡ ಕಟ್ಟಿದ ಸದಸ್ಯನೇ ಕೊಡಬಹುದು.

ಒಬ್ಬ ಹಳೆಯ ಮಾಲೀಕರು ಒಳ್ಳೆಯ ಪ್ರಶ್ನೆ ಕೇಳಿದರು: "ದೊಡ್ಡ ಹೋಟೆಲ್ಲು 70 ಮಾಡಿದ್ರೆ ನಾವೂ ಮಾಡ್ತೀವಿ. ಅದೂ ತಪ್ಪಾ?" ತಪ್ಪಲ್ಲ. ಪಕ್ಕದ ಬೋರ್ಡ್ ನೋಡಿ ತಾನೇ ಲೆಕ್ಕ ಹಾಕಿ ಏರಿಸಿದರೆ ಅದು ವ್ಯಾಪಾರ. ಬೆಲೆ ಒಂದೇ ಇದೆ ಎಂಬುದಷ್ಟೇ ಕಾರ್ಟೆಲ್‌ಗೆ ಸಾಲದು ಎಂದು ಸಿಲಿಂಡರ್ ತಯಾರಕರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಮಾತುಕತೆ ನಡೆದಿತ್ತೇ ಎಂಬುದೇ ಮುಖ್ಯ. ಎಲ್ಲರೂ ಸೇರಿದರೆ "ಪ್ರಾಬಲ್ಯದ ದುರ್ಬಳಕೆ", ಅಂದರೆ ಮಾರುಕಟ್ಟೆಯಲ್ಲಿರುವ ಬಲವನ್ನು ತಪ್ಪಾಗಿ ಬಳಸುವುದು, ಆಗುತ್ತದಾ ಎಂದೂ ಯಾರೋ ಕೇಳಿದರು. ಅದು 4ನೇ ಸೆಕ್ಷನ್, ಒಂದೇ ಸಂಸ್ಥೆ ಅಥವಾ ಒಂದೇ ಗುಂಪಿನ ಒಡೆತನದ ಸಂಸ್ಥೆಗಳಿಗೆ ಸೇರಿದ್ದು. ಬೇರೆ ಬೇರೆ ಮಾಲೀಕರ ಸಣ್ಣ ಹೋಟೆಲ್‌ಗಳನ್ನು ಕೂಡಿಸಿ ಅದರಡಿ ತರಲಾಗದು. ಇವರಿಗೆ ಹೆದರಿಕೆ 3ರದ್ದೇ.

ಕೊನೆಗೆ ಹೊರಟ ಸುತ್ತೋಲೆಯಲ್ಲಿ ಬೆಣ್ಣೆ ಮತ್ತು ವಾಣಿಜ್ಯ ಸಿಲಿಂಡರ್ ದುಬಾರಿಯಾಗಿರುವ ವಿಷಯ ಮಾತ್ರ ಇತ್ತು. ದೋಸೆಯ ರೇಟು, ತಾರೀಖು, ದಂಡ ಮೂರೂ ಇಲ್ಲ. ತೆರಿಗೆ ಮತ್ತು ಸಿಲಿಂಡರ್ ಬಗ್ಗೆ ಸರ್ಕಾರಕ್ಕೆ ಮನವಿ ಕೊಡುವ ನಿರ್ಣಯ ಸೇರಿಸಿದೆವು, ಅದಕ್ಕೆ ಕಾನೂನಿನ ತಕರಾರಿಲ್ಲ. ಬೈಲಾದಲ್ಲಿದ್ದ "ದರ ಪಾಲನಾ ಸಮಿತಿ"ಯನ್ನು ತೆಗೆಸಿದೆ. ಸಭೆಯಲ್ಲಿ ಯಾರಾದರೂ ರೇಟಿನ ಮಾತು ಎತ್ತಿದರೆ ಕಾರ್ಯದರ್ಶಿ ತಡೆಯಬೇಕು, ತಡೆದದ್ದನ್ನು ನಡಾವಳಿಯಲ್ಲಿ ಬರೆಯಬೇಕು. ಮಾತು ನಿಲ್ಲದಿದ್ದರೆ ಎದ್ದು ಹೋಗಬೇಕು, ಹೋದದ್ದನ್ನೂ ಬರೆಸಬೇಕು. ಸುಮ್ನೆ ಕೂತಿದ್ದರೆ ಒಪ್ಪಿದಂತೆ ಕಾಣುತ್ತದೆ.

ಮುಂದಿನ ತಿಂಗಳು ಬೋರ್ಡ್‌ಗಳು ಬದಲಾದವು. ಒಂದು ಕಡೆ 65, ಎರಡು ಕಡೆ 70, ಒಬ್ಬರು 60ರಲ್ಲೇ ಉಳಿದರು. ಆ ಎರಡು 70 ನೋಡಿ ಅಧ್ಯಕ್ಷರು ಗಾಬರಿಯಿಂದ ಫೋನ್ ಮಾಡಿದರು. 70 ಹಾಕಿದ್ದ ಇಬ್ಬರಿಗೂ ನಾನು ಹೇಳಿದ್ದು ಇಷ್ಟೇ: ಅಕ್ಕಿ, ಬೆಣ್ಣೆ, ಗ್ಯಾಸು, ಕೂಲಿ, ಬಾಡಿಗೆ ಸೇರಿಸಿ ಒಂದು ದೋಸೆಗೆ ಎಷ್ಟು ಬೀಳುತ್ತದೆ ಎಂದು ನಿಮ್ಮ ಲೆಕ್ಕವನ್ನು ನೀವೇ ಬರೆದು, ತಾರೀಖು ಹಾಕಿ, ಬಿಲ್ ಪುಸ್ತಕದ ಜೊತೆ ಇಟ್ಟುಕೊಳ್ಳಿ. ಒಬ್ಬರದ್ದನ್ನು ಇನ್ನೊಬ್ಬರಿಗೆ ತೋರಿಸಬೇಡಿ.